ಪರೀಕ್ಷೆಯ ದಿನಗಳಿಗೆ ತೆಗೆದ ಟಿಕೆಟ್

ಆಳಂದದ ನಮ್ಮ ಹೈಸ್ಕೂಲಿನಲ್ಲಿ ರಜೆಯ ಮಾತು ಬಂದರೆ ಹೆಡ್‌ಮಾಸ್ಟರರಿಗಿಂತ ಹಿಂದಿ ಕಲಿಸುವ ನರ್ಮದಾಬಾಯಿಯ ಮಾತಿಗೆ ತೂಕ ಹೆಚ್ಚು. ಸ್ಟಾಫ್ ರೂಮಿನ ಗೋಡೆಗೆ ಎರಡು ಕ್ಯಾಲೆಂಡರ್ ತೂಗುತ್ತವೆ. ಒಂದು ನಮ್ಮದು. ಇನ್ನೊಂದು ಸೊಲ್ಲಾಪುರದಿಂದ ಬಾಯಿಯವರು ತಂದ ಮರಾಠಿಯದು. ಯಾರ ಮಗಳ ಬಾಣಂತನ, ಯಾರ ಮೈದುನನ ಲಗ್ನ, ಯಾರು ಕಾಶಿಗೆ ಹೋಗಬೇಕು, ಎಲ್ಲರೂ ಮೊದಲು ಬಾಯಿಯವರ ಮುಂದೆ ಹೋಗಿ ನಿಲ್ಲುವುದೇ. ಅವರು ಎರಡೂ ಕ್ಯಾಲೆಂಡರ್ ನೋಡಿ, ಕನ್ನಡಕ ಮೇಲೆತ್ತಿ, ಇಂಥ ವಾರ ಬೇಡ, ಇಂಥ ವಾರ ಹೋಗಿ ಎಂದು ಹೇಳಿಬಿಡುತ್ತಿದ್ದರು. ಗಣಿತದ ಮಾಸ್ತರನಾದ ನನಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವೇ. ಲೆಕ್ಕ ನನ್ನದು, ಹೆಸರು ಅವರದು.

ಅವರಿಗೆ ಈ ವಿದ್ಯೆ ಸುಮ್ಮನೆ ಬಂದದ್ದಲ್ಲ. ಗಂಡ ವ್ಯಂಕಟೇಶ ಮಸ್ಕತ್ತಿನಲ್ಲಿ ದೊಡ್ಡದೊಂದು ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಾರೆ. ವರ್ಷಕ್ಕೆ ಒಂದೇ ಸಲ ರಜೆ, ಅದೂ ಒಂದು ತಿಂಗಳು. ಮಗಳು ಅನುಜಾ ನಮ್ಮ ಶಾಲೆಯಲ್ಲೇ ಎಂಟನೆಯ ತರಗತಿ. ಅವಳಿಗಿಂತ ದೊಡ್ಡವನಾದ ಸಂಕೇತ ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಹತ್ತನೆಯ ತರಗತಿ ಓದುತ್ತಿದ್ದ. ವ್ಯಂಕಟೇಶ ಮೊದಲ ಸಲ ವಿಮಾನ ಹತ್ತಿದಾಗ ಬಾಯಿಯವರು ನಿಂಬರ್ಗಾದ ಶಾಲೆಯಲ್ಲಿದ್ದರು. ಬಸ್ಸು ಹಿಡಿದು ಹೋಗಿಬರುವುದರಲ್ಲೇ ದಿನ ಮುಗಿಯುತ್ತಿತ್ತು. ಇಬ್ಬರು ಮಕ್ಕಳನ್ನು ಒಬ್ಬಳೇ ಹೇಗೆ ಸಂಭಾಳಿಸುತ್ತೀ ಎಂದು ಸೊಲ್ಲಾಪುರದ ಅಣ್ಣ ಬಂದು ಹುಡುಗನನ್ನು ಕರೆದುಕೊಂಡು ಹೋದರು. ಆಮೇಲೆ ಆಳಂದಕ್ಕೆ ವರ್ಗವಾದರೂ, ಅಷ್ಟರಲ್ಲಿ ಹುಡುಗ ಮರಾಠಿಯಲ್ಲಿ ಓದಿ ಬರೆದು ಬಲಿತಿದ್ದ. ಅರ್ಧಕ್ಕೆ ಬಿಡಿಸಿ ತರುವಂತಿರಲಿಲ್ಲ.

ಆಳಂದದಿಂದ ಸೊಲ್ಲಾಪುರ ಏನು ದೂರ? ಬಸ್ಸಿನಲ್ಲಿ ಒಂದು ನಿದ್ದೆ. ಆದರೆ ನಡುವೆ ರಾಜ್ಯದ ಗಡಿ ಇದೆ, ಮತ್ತು ಗಡಿ ದಾಟಿದರೆ ರಜೆಯೇ ಬೇರೆ. ನಮಗೆ ದಸರೆಗೆ ದೊಡ್ಡ ರಜೆ, ದೀಪಾವಳಿಗೆ ಕಣ್ಣೊರೆಸಿದಂತೆ ಎರಡು ಮೂರು ದಿನ. ಅವರಿಗೆ ದಸರೆಗೆ ಒಂದೇ ದಿನ, ದೀಪಾವಳಿಗೆ ದೊಡ್ಡದು. ನಮ್ಮ ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರಕ್ಕೆ ಶುರುವಾಗಿ ಮೇ ಕೊನೆಗೆ ಮುಗಿದರೆ, ಅವರದು ಮೇ ತಿಂಗಳಲ್ಲಿ ಶುರುವಾಗಿ ಜೂನ್ ನಡುವಿನತನಕ. ಅಕ್ಕಪಕ್ಕದ ಹೊಲದವರು ಬೇರೆ ಬೇರೆ ದಿನ ಬಿತ್ತಿದಂತೆ.

ಹಾಗಾಗಿ ವ್ಯಂಕಟೇಶ ಪ್ರತಿ ವರ್ಷ ದಸರೆಗೇ ಬರುತ್ತಿದ್ದರು. ಮೇ ಕೊನೆಗೆ ನಮ್ಮ ಇಲಾಖೆ ವರ್ಷದ ವೇಳಾಪಟ್ಟಿ ಹೊರಡಿಸಿದ್ದೇ ತಡ, ಬಾಯಿಯವರು ಮಧ್ಯಾಹ್ನದ ಬಿಡುವಿನಲ್ಲೇ ಟಿಕೆಟ್ ತೆಗೆಸಿಬಿಡುತ್ತಿದ್ದರು. ಆಗ ತೆಗೆದರೆ ಸೋವಿ. ಹಬ್ಬ ಹತ್ತಿರ ಬಂದಷ್ಟೂ ದರ ಏರುತ್ತದೆ. ಹೆಂಡತಿಗೂ ರಜೆ, ಮಗಳಿಗೂ ರಜೆ, ಬನ್ನಿ ಕೊಡಲು ಬರುವ ನೆಂಟರಿಗಂತೂ ವರ್ಷವಿಡೀ ರಜೆ. ಸಂಕೇತ ಮಾತ್ರ ಶನಿವಾರ ಸಂಜೆ ಬಂದು ಭಾನುವಾರ ಸಂಜೆ ತಿರುಗಿ ಹೋಗುತ್ತಿದ್ದ. ಅವನು ಬಂದಾಗ ಮನೆ ತುಂಬ ಮಂದಿ. ಅಪ್ಪ ಯಾರಿಗೋ ವೀಸಾದ ವಿಷಯ ತಿಳಿಸುತ್ತಿರುತ್ತಿದ್ದರು. ಇವನು ಪಡಸಾಲೆಯ ಮೂಲೆಯಲ್ಲಿ ಕೂತು ಮೊಬೈಲು ನೋಡುತ್ತಿದ್ದ. ಅಪ್ಪನ ಜೊತೆ ಅವನಿಗೆ ಮಾತೇ ಕಡಿಮೆಯಾಗುತ್ತ ಬಂತು. ಬಾಯಿಯವರಿಗೆ ಇದು ಗೊತ್ತಿತ್ತು, ಒಳಗೊಳಗೇ ಕೊರೆಯುತ್ತಿತ್ತು. ರಜೆ ಕೂಡಿಬರದ್ದೇ ಕಾರಣ ಎಂದು ಅವರ ತೀರ್ಮಾನ.

ಈ ವರ್ಷ ಅವರಿಗೊಂದು ದಾರಿ ಹೊಳೆಯಿತು. ಹತ್ತನೆಯ ತರಗತಿಯ ಹುಡುಗನಿಗೆ ಮಾರ್ಚ್ ನಡುವಿಗೆ ಬೋರ್ಡ್ ಪರೀಕ್ಷೆ ಮುಗಿದರೆ ಮುಂದೆ ಜೂನ್‌ತನಕ ಯಾವ ರಾಜ್ಯದ ಹಂಗೂ ಇಲ್ಲ. ಏಪ್ರಿಲ್ ಎರಡನೆಯ ವಾರಕ್ಕೆ ಅನುಜಾಗೂ ರಜೆ, ಅವರಿಗೂ ರಜೆ. ದಸರೆಗೆ ಬರುವುದು ಬೇಡ, ಏಪ್ರಿಲ್‌ಗೆ ಬನ್ನಿ ಎಂದು ಗಂಡನಿಗೆ ಹೇಳಿದರು. ಕಂಪನಿಯಲ್ಲಿ ಮುಂದಿನ ವರ್ಷದ ರಜೆ ಬರೆಸಿಕೊಳ್ಳುವಾಗ ವ್ಯಂಕಟೇಶ ಅದನ್ನೇ ಬರೆಸಿದರು. ಬಸ್ ಸ್ಟ್ಯಾಂಡಿನ ಹತ್ತಿರ ಬುರಾನುದ್ದೀನರ ಟಿಕೆಟ್ ಅಂಗಡಿ. ಅರ್ಧ ಆಳಂದವನ್ನು ಗಲ್ಫಿಗೆ ಕಳಿಸಿದವರು ಅವರೇ. ಮಸ್ಕತ್ತಿನಲ್ಲಿ ಮಕ್ಕಳಿರುವ ಸಂಸಾರದವರೆಲ್ಲ ಊರಿಗೆ ಹೊರಡುವುದು ಅಲ್ಲಿನ ಶಾಲೆಗಳ ಬೇಸಿಗೆ ರಜೆಗೆ, ಜೂನ್ ಕೊನೆಗೆ, ಹಾಗಾಗಿ ಏಪ್ರಿಲ್‌ನಲ್ಲಿ ದರ ಇಳಿದಿರುತ್ತದೆ ಎಂದು ಅವರೂ ತಲೆಯಾಡಿಸಿದರು. ಮಸ್ಕತ್ತಿನಿಂದ ಹೈದರಾಬಾದ್, ಹೋಗಿಬರುವ ಟಿಕೆಟ್ ಆಯಿತು. ದಸರೆ ಮುಗಿಸಿ ಶಾಲೆ ತೆರೆದ ದಿನ ಬಾಯಿಯವರು ಸ್ಟಾಫ್ ರೂಮಿಗೆ ಪೇಢೆ ತಂದರು.

"ಈ ಸಲ ಎರಡೂ ರಾಜ್ಯಾನ ಒಂದು ಮಾಡೀನಿ ನೋಡ್ರಿ ಸರ್," ಎಂದರು ನನಗೆ. ನಾನು ಎರಡು ಪೇಢೆ ತಿಂದೆ.

ದೀಪಾವಳಿ ಬಂತು. ಸಂಕೇತನಿಗೆ ದೊಡ್ಡ ರಜೆ, ನಮಗೆ ಹಬ್ಬ ಮುಗಿಯುತ್ತಲೇ ಶಾಲೆ. ಮನೆಯಲ್ಲಿ ಒಬ್ಬನೇ ಕೂತು ಬೇಸರವಾಗಿ ಹುಡುಗ ಪುಸ್ತಕ ಹಿಡಿದು ನಮ್ಮ ಸ್ಟಾಫ್ ರೂಮಿಗೇ ಬಂದು ಕೂರುತ್ತಿದ್ದ. ಮೀಸೆ ಚಿಗುರುತ್ತಿದ್ದ, ಮಾತು ಅಳೆದು ಆಡುವ ಹುಡುಗ. ನನ್ನ ಹತ್ತಿರ ಗಣಿತ ಕೇಳುತ್ತಿದ್ದ. ಕನ್ನಡದಲ್ಲಿ ಮಾತಾಡಿ ಮರಾಠಿಯಲ್ಲಿ ಲೆಕ್ಕ ಬಿಡಿಸುತ್ತಿದ್ದ. ಒಂದು ಮಧ್ಯಾಹ್ನ ಬಾಯಿಯವರು ಏಪ್ರಿಲ್ ತಿಂಗಳಲ್ಲಿ ಏನೇನು ಮಾಡುವುದು, ಯಾವ ಯಾವ ಊರು ನೋಡುವುದು ಎಂದು ಹುರುಪಿನಿಂದ ಹೇಳುತ್ತಿದ್ದರು. ಹುಡುಗ ಪುಸ್ತಕದಿಂದ ತಲೆಯೆತ್ತದೆಯೇ ಕೇಳಿದ.

"ಆಯೀ, ಪಪ್ಪಾ ಪರೀಕ್ಷಾಕ್ಕ ಬರಾಂಗಿಲ್ಲೇನು? ಬೋರ್ಡಿನ ಕಚ್ಚಾ ಟೈಮ್ ಟೇಬಲ್ ಬಂದದ."

ಬಾಯಿಯವರು ನಕ್ಕರು. ಪರೀಕ್ಷೆಗೆ ಯಾರಾದರೂ ಬರುತ್ತಾರೇನೋ ಎಂದರು. ಅವರ ಮನೆಯ ಕಾಯಿದೆಯೇ ಅದು. ಪರೀಕ್ಷೆ ಇದ್ದಾಗ ನೆಂಟರು ಬರಬಾರದು, ಟಿವಿ ಹಚ್ಚಬಾರದು, ಗಂಡ ಬರುವುದಂತೂ ದೂರದ ಮಾತು. ಅವರು ಇಷ್ಟು ವರ್ಷ ಎರಡು ಕ್ಯಾಲೆಂಡರ್ ಇಟ್ಟುಕೊಂಡು ಹೆಣಗಿದ್ದೇ ಯಾವ ಪರೀಕ್ಷೆಯೂ ವ್ಯಂಕಟೇಶರ ರಜೆಯೊಳಗೆ ಬೀಳದಂತೆ ನೋಡಿಕೊಳ್ಳಲಿಕ್ಕೆ. ಅದನ್ನೇ ಹೇಳಿದರು. ಅಪ್ಪ ಬಂದರೆ ಮನೆ ಸಂತೆಯಾಗುತ್ತದೆ, ಓದು ಕೆಡುತ್ತದೆ, ಪರೀಕ್ಷೆ ಮುಗಿಸಿ ಆರಾಮಾಗಿ ಅಪ್ಪನ ಜೊತೆ ಇರು ಎಂದರು.

ಹುಡುಗ ಆಗ ತಲೆ ಎತ್ತಿದ. ಅವನ ಕಿವಿ ಕೆಂಪಾಗಿತ್ತು.

"ರಜಾ ಸೂಟ್ಯಾಗ ಪಪ್ಪಾ ಎಲ್ಲಾರ ಜೋಡಿ ಇರ್ತಾರ. ಪರೀಕ್ಷಾದಾಗ ಬಂದ್ರ ನನಗಂತ ಬಂದಂಗ ಆಗ್ತದ. ಸ್ಕಾಲರ್‌ಶಿಪ್ ಪರೀಕ್ಷಾದಾಗ ಎಲ್ಲಾ ಹುಡುಗರ ಪಪ್ಪಾ ಗೇಟಿನ ಮುಂದ ನಿಂತಿದ್ರು. ನಾ ಆಟೋದಾಗ ಒಬ್ಬನ ಹೋಗಿ ಒಬ್ಬನ ಬಂದೆ. ಮಾಮಾಗ ದುಕಾನ ಇತ್ತು."

ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವನ ಕಡೆ ತಿರುಗಿದರು. ಬಾಯಿಯವರಿಗೆ ಬಂದದ್ದು ಸಿಟ್ಟು. ಟಿಕೆಟ್ ತೆಗೆದಾಗಿದೆ, ಕಂಪನಿಯಲ್ಲಿ ರಜೆ ಬರೆಸಿಯಾಗಿದೆ, ಈಗ ಹೇಳುತ್ತೀಯಾ, ಮೊದಲೇ ಬಾಯಿ ಬಿಡಲಿಕ್ಕೆ ಏನಾಗಿತ್ತು ಎಂದು ಗದರಿಸಿದರು. ಫೆಬ್ರುವರಿ ಮಾರ್ಚ್‌ನಲ್ಲಿ ಅವರು ಬಂದರೆ ನನಗೆ ರಜೆಯಿಲ್ಲ, ಅನುಜಾಗೆ ರಜೆಯಿಲ್ಲ, ಬೀಗ ಹಾಕಿದ ಮನೆಗೆ ಬಂದು ಏನು ಮಾಡುತ್ತಾರೆ ಎಂದರು. ಹುಡುಗ ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದ. ಒಂದೇ ಮಾತು ಹೇಳಿದ.

"ಆಳಂದಕ್ಕ ಯಾಕ ಬರಬೇಕು? ಸೊಲ್ಲಾಪುರಕ್ಕ ಬರ್ಲಿ."

ಆ ಮಾತು ಬಾಯಿಯವರನ್ನು ಬಿಡಲಿಲ್ಲ. ಎಷ್ಟೋ ದಿನ ಅವರು ಮರಾಠಿ ಕ್ಯಾಲೆಂಡರಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಯಾರಾದರೂ ರಜೆ ಕೇಳಲು ಬಂದರೆ ನೀವೇ ನೋಡಿಕೊಳ್ಳಿ ಎಂದು ಸಿಡುಕುತ್ತಿದ್ದರು. ನನಗೆ ತಡೆಯದೆ ಒಂದು ದಿನ ಹೇಳಿದೆ, ಬಾಯಾರ, ನೀವು ಇಷ್ಟು ವರ್ಷ ರಜೆಗೆ ರಜೆ ಕೂಡಿಸಿದಿರಿ, ಹುಡುಗ ಕೇಳುತ್ತಿರುವ ಲೆಕ್ಕ ಬೇರೆ ಎಂದು. ನಿಮಗೇನು ಗೊತ್ತು ಎಂದು ನನ್ನ ಮೇಲೆ ಹರಿಹಾಯ್ದರು. ಅದು ಒಪ್ಪಿಗೆಯ ಮೊದಲ ಮೆಟ್ಟಿಲು ಎಂದು ಇಷ್ಟು ವರ್ಷ ಜೊತೆ ಕೆಲಸ ಮಾಡಿದ ನನಗೆ ಗೊತ್ತಿತ್ತು.

ಕಷ್ಟವಾದದ್ದು ಅನುಜಾಳನ್ನು ಒಪ್ಪಿಸುವುದು. ಏಪ್ರಿಲ್‌ನಲ್ಲಿ ಅಪ್ಪನ ಜೊತೆ ಮೈಸೂರಿಗೆ ಹೋಗುವುದಿದೆ ಎಂದು ಅವಳು ಗೆಳತಿಯರಿಗೆಲ್ಲ ಸಾರಿಬಿಟ್ಟಿದ್ದಳು. ದಸರೆಗೂ ಅಪ್ಪ ಬಂದಿರಲಿಲ್ಲ. ತಾಯಿ ಅವಳನ್ನು ಕೂರಿಸಿಕೊಂಡು ಕೇಳಿದರಂತೆ. ಅವಳು ಒಂದು ರಾತ್ರಿ ಊಟ ಬಿಟ್ಟಳು, ಬೆಳಿಗ್ಗೆ ಎದ್ದು, ಆಗಲಿ, ಅಣ್ಣನ ಪರೀಕ್ಷೆಗೇ ಬರಲಿ ಎಂದಳು. ಇದನ್ನು ಹೇಳುವಾಗ ಬಾಯಿಯವರು ಕಣ್ಣೊರೆಸಿಕೊಂಡರು. ಆ ಹುಡುಗಿ ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಆ ವಾರವಿಡೀ ಅವಳನ್ನು ಲೆಕ್ಕ ಕೇಳಲು ನನಗೆ ಮನಸ್ಸಾಗಲಿಲ್ಲ.

ಮಸ್ಕತ್ತಿನಲ್ಲಿ ವ್ಯಂಕಟೇಶರಿಗೆ ವಿಷಯ ತಿಳಿದದ್ದು ರಾತ್ರಿ ಫೋನಿನಲ್ಲಿ. ಅವನು ನನ್ನನ್ನು ಕರೆದನೇ ಎಂದು ಎರಡೆರಡು ಸಲ ಕೇಳಿದರಂತೆ. ಸ್ಟೋರಿನಲ್ಲಿ ಅವರ ಜೊತೆಗಿದ್ದ ಕೇರಳದವರೊಬ್ಬರು ತಮ್ಮ ಹೊಸ ವರ್ಷದ ವಿಷು ಹಬ್ಬಕ್ಕೆ ಏಪ್ರಿಲ್‌ನಲ್ಲಿ ಊರಿಗೆ ಹೋಗಬೇಕೆಂದು ಕೇಳಿ, ಸಿಗದೆ, ಫೆಬ್ರುವರಿ ಕೊನೆಗೆ ಶುರುವಾಗುವ ರಜೆ ಹಿಡಿದು ಮುಖ ಸಿಂಡರಿಸಿಕೊಂಡಿದ್ದರು. ಇವರು ಅದಲುಬದಲು ಮಾಡೋಣವೇ ಎಂದರೆ ಅವರು ಕುಣಿದಾಡಿಬಿಟ್ಟರು. ಕಂಪನಿಯವರೂ ಒಪ್ಪಿದರು.

ಬಾಯಿಯವರು ಅವತ್ತೇ ಸಂಜೆ ಬುರಾನುದ್ದೀನರ ಅಂಗಡಿಗೆ ನಡೆದರು. ಬಸ್ ಸ್ಟ್ಯಾಂಡಿನ ದಾರಿಯಾದ್ದರಿಂದ ನಾನೂ ಜೊತೆಗಿದ್ದೆ. ಹಳೆಯ ಟಿಕೆಟ್ಟಿನ ತಾರೀಖು ಬದಲಿಸಬಹುದಿತ್ತು, ಆದರೆ ಅದು ಹೈದರಾಬಾದಿನದು. ಇಳಿಯುವ ಊರು ಬದಲಿಸಲು ಬರುವುದಿಲ್ಲ, ರದ್ದು ಮಾಡಿಸಿ ಹೊಸದು ತೆಗೆಯಬೇಕು, ಸೋವಿ ಟಿಕೆಟ್ಟಾದ್ದರಿಂದ ಹಣ ತಿರುಗಿ ಬರುವುದು ಅಷ್ಟಕ್ಕಷ್ಟೇ ಎಂದರು ಬುರಾನುದ್ದೀನ. ಸೊಲ್ಲಾಪುರ ಸೇರಬೇಕಾದವನಿಗೆ ಮುಂಬೈಯೇ ಸರಿ, ಅಲ್ಲಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವಾಗ ಸೊಲ್ಲಾಪುರ. ಹೋದದ್ದು ಹೋಗಲಿ, ಈಗಲೇ ಮುಂಬೈಗೆ ತೆಗೆಯಿರಿ, ದರ ಏರುತ್ತದೆ ಎಂದು ಬಾಯಿಯವರು ಕುರ್ಚಿಯ ತುದಿಗೆ ಕೂತರು. ಒಮ್ಮೆ ಮನಸ್ಸು ಮಾಡಿದರೆ ಅವರಿಗೆ ಒಂದು ಗಳಿಗೆಯೂ ತಡೆಯುವುದಿಲ್ಲ.

"ಮೇಡಮ್ಮರ, ಕಚ್ಚಾ ಟೈಮ್ ಟೇಬಲ್ ಮ್ಯಾಲ ಟಿಕೇಟ್ ತಗೀಬ್ಯಾಡ್ರಿ. ಪಕ್ಕಾ ಬರ್ಲಿ. ರಮಜಾನ್ ಶುರು ಆದಾಗ ಊರಿಗೆ ಬರೋರು ಕಮ್ಮಿ, ಎಲ್ಲಾರು ಈದಿನ ಹತ್ರ ಬರ್ತಾರ. ಸೀಟ್ ಎಲ್ಲೂ ಓಡಿ ಹೋಗಾಂಗಿಲ್ರಿ," ಎಂದರು ಬುರಾನುದ್ದೀನ.

ಬಾಯಿಯವರು ನನ್ನ ಮುಖ ನೋಡಿದರು. ಬೋರ್ಡಿನವರು ಮೊದಲು ತಾತ್ಕಾಲಿಕ ವೇಳಾಪಟ್ಟಿ ಹಾಕಿ, ಶಾಲೆಗಳ ತಕರಾರು ಕೇಳಿ, ಆಮೇಲೆ ಅಂತಿಮ ಹೊರಡಿಸುವುದು ಎರಡೂ ರಾಜ್ಯಗಳಲ್ಲಿ ಇದ್ದದ್ದೇ. ಇದನ್ನು ಊರಿಗೆಲ್ಲ ಹೇಳುವವರು ಅವರೇ. ಮಗನ ವಿಷಯಕ್ಕೆ ಬಂದಾಗ ಮರೆತಿದ್ದರು. ಕಾದರು. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಆ ಬೋರ್ಡಿನ ಪುಟ ತೆರೆದು ನೋಡುವುದು, ಇಲ್ಲ ಎಂದು ತಲೆಯಾಡಿಸುವುದು, ಹಾಜರಿ ಕರೆಯಲು ಹೋಗುವುದು. ಅಂತೂ ಅಂತಿಮ ಪಟ್ಟಿ ಬಂತು. ತಾರೀಖುಗಳು ಅವೇ. ಮೊದಲ ಪೇಪರ್ ಮರಾಠಿ, ಕೊನೆಗೆ ಸಮಾಜ ವಿಜ್ಞಾನ, ನಡುನಡುವೆ ಓದಲು ಬಿಡುವು. ರಜೆಯೊಳಗೆ ಎಲ್ಲವೂ ಸರಿಯಾಗಿ ಕೂತವು. ಮೊದಲ ಪೇಪರಿನ ಹಿಂದಿನ ದಿನ ಬೆಳಿಗ್ಗೆ ಸೊಲ್ಲಾಪುರದಲ್ಲಿರಬೇಕು. ಕೊನೆಯ ಪೇಪರ್ ಮುಗಿದ ಸಂಜೆ ಮಗನನ್ನು ಕರೆದುಕೊಂಡು ಆಳಂದಕ್ಕೆ, ಮರುದಿನ ಇಲ್ಲಿದ್ದು ರಾತ್ರಿ ಹೈದರಾಬಾದಿಗೆ ಹೊರಟು ನಸುಕಿನ ವಿಮಾನ. ಬುರಾನುದ್ದೀನ ಬರುವುದಕ್ಕೆ ಮುಂಬೈ, ಹೋಗುವುದಕ್ಕೆ ಹೈದರಾಬಾದ್ ಎಂದು ಎರಡು ಟಿಕೆಟ್ ತೆಗೆದುಕೊಟ್ಟರು. ಈ ಸಲ ಸ್ಟಾಫ್ ರೂಮಿಗೆ ಪೇಢೆ ಬರಲಿಲ್ಲ. ನಾವೂ ಕೇಳಲಿಲ್ಲ.

ನೆಂಟರಿಗೆ ಸಿಟ್ಟು ಬಂತು. ಇದ್ಯಾವ ಹೊಸ ಪದ್ಧತಿ, ವರ್ಷಕ್ಕೊಮ್ಮೆ ಬರುವವನು ಸ್ವಂತ ಊರು ಬಿಟ್ಟು ಭಾವಮೈದುನನ ಮನೆಯಲ್ಲಿ ಕೂರುತ್ತಾನಂತೆ, ಅದೂ ಹತ್ತನೆಯ ತರಗತಿಯ ಪರೀಕ್ಷೆಗಂತೆ ಎಂದು ಆಡಿಕೊಂಡರು. ಫೆಬ್ರುವರಿಯಲ್ಲಿ ವ್ಯಂಕಟೇಶ ಬಂದೇ ಬಂದರು. ಭಾನುವಾರಗಳಂದು ಮಾತ್ರ ಆಳಂದಕ್ಕೆ ಬಂದು, ಹೆಂಡತಿ ಮಗಳ ಮುಖ ನೋಡಿ, ಸಂಜೆ ಬಸ್ಸು ಹತ್ತುತ್ತಿದ್ದರು. ಮೊದಲು ಮಗ ಮಾಡುತ್ತಿದ್ದುದನ್ನು ಈಗ ಅಪ್ಪ ಮಾಡುತ್ತಿದ್ದರು. ಸೊಲ್ಲಾಪುರದ ಸುದ್ದಿಯನ್ನು ಬಾಯಿಯವರು ನಮಗೆ ಚೂರು ಚೂರಾಗಿ ಕೊಡುತ್ತಿದ್ದರು. ಅಪ್ಪ ಮಗ ಇಬ್ಬರೂ ಸೋದರಮಾವನ ಸ್ಕೂಟರಿನಲ್ಲಿ ಪರೀಕ್ಷೆಗೆ ಹೋಗುತ್ತಾರಂತೆ. ಅಪ್ಪನಿಗೆ ಮರಾಠಿ ಓದಲು ಬರದಿದ್ದರೂ ಪುಸ್ತಕ ಹಿಡಿದು ಪಾಠ ಒಪ್ಪಿಸಿಕೊಳ್ಳುತ್ತಾರಂತೆ, ಹುಡುಗ ನಗುತ್ತಾನಂತೆ. ನಗುತ್ತಾನೆ ಎಂಬುದನ್ನು ಅವರು ಎರಡು ಸಲ ಹೇಳಿದರು.

ಕೊನೆಯ ಪೇಪರ್ ಮುಗಿಯಿತು. ಅಪ್ಪ ಮಗ ಆಳಂದಕ್ಕೆ ಬಂದರು. ಮರುದಿನ ನಮ್ಮಲ್ಲಿ ಎಂಟನೆಯ ತರಗತಿಗೆ ಗಣಿತ ಪರೀಕ್ಷೆ. ಹತ್ತನೆಯವರದು ಶುರುವಾಗುವ ಮುಂಚೆ ಸಣ್ಣವರದನ್ನು ಮುಗಿಸಿಬಿಡುವ ಅವಸರ ನಮಗೆ. ನನಗೆ ಆ ದಿನ ಯಾವ ಕೋಣೆಯ ಮೇಲ್ವಿಚಾರಣೆಯೂ ಇರಲಿಲ್ಲ, ಬೇರೆ ಮಾಸ್ತರರು ಯಾರಾದರೂ ಹೊರಗೆ ಹೋದರೆ ಅವರ ಬದಲು ನಿಲ್ಲುವ ಕೆಲಸ ಅಷ್ಟೇ. ವರಾಂಡದಲ್ಲಿ ನಿಂತು ನೋಡಿದರೆ ಗೇಟಿನ ಹೊರಗೆ, ಬೇವಿನ ಮರದ ಅರೆನೆರಳಿನಲ್ಲಿ, ಕೈಯಲ್ಲೊಂದು ನೀರಿನ ಬಾಟಲಿ ಹಿಡಿದು ವ್ಯಂಕಟೇಶ ನಿಂತಿದ್ದರು. ನಮ್ಮ ಶಾಲೆಯ ಎಂಟನೆಯ ತರಗತಿಯ ಪರೀಕ್ಷೆಗೆ ಇದುವರೆಗೆ ಯಾವ ತಂದೆಯೂ ಬಂದು ನಿಂತದ್ದು ನಾನು ಕಂಡಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ನಾನು ಹೊರಗೆ ಹೋಗಿ, ರಾತ್ರಿ ಪ್ರಯಾಣ ಇದೆಯಲ್ಲ, ಸಾಮಾನು ಕಟ್ಟುವುದಿಲ್ಲವೇ ಎಂದೆ. ಕಟ್ಟುವುದೇನು, ಕಟ್ಟಿದರಾಯಿತು ಎಂದರು. ಹಾಗಾದರೆ ಸ್ಟಾಫ್ ರೂಮಿಗೆ ಬನ್ನಿ, ಚಹಾ ಕುಡಿಯೋಣ, ಇನ್ನೂ ಬಹಳ ಹೊತ್ತಿದೆ ಎಂದೆ. ಅವರು ಕದಲಲಿಲ್ಲ.

"ಬ್ಯಾಡ್ರಿ ಸರ್. ಮೊದಲ್ನೇ ಪೇಪರ್ ದಿನ ಸಂಕೇತ ಒಳಗ ಹೋದ ಮ್ಯಾಲ ಇನ್ನೂ ಹೊತ್ತದ ಅಂತ ನಾ ಚಹಾಕ್ಕ ಹೋಗಿ ಕೂತುಬಿಟ್ಟಿದ್ದೆ. ತಿರುಗಿ ಬರೂದ್ರಾಗ ಅವ ಹೊರಗ ಬಂದು, ಒಂದೊಂದ ಮುಖ ನೋಡ್ಕೋತ ನಿಂತಿದ್ದ. ನಾ ಕಂಡ ಮ್ಯಾಲ ಏನೂ ಆಗಿಲ್ಲನ್ನಂಗ ಮಾಡಿದ. ಆದ್ರ ನಾ ನೋಡಿಬಿಟ್ಟಿದ್ದೆ. ಆವತ್ತಿನಿಂದ ಗೇಟ್ ಬಿಟ್ಟು ಸರದಿಲ್ರಿ."

ಆಮೇಲೆ ತಾವೇ ಮೆಲ್ಲಗೆ ಹೇಳಿದರು, ಇಷ್ಟು ವರ್ಷ ದಸರೆಗೆ ಬಂದಾಗ ಅನುಜಾಳ ಕೈಯಲ್ಲಿ ಬನ್ನಿ ಇಟ್ಟು, ಬಟ್ಟೆ ಕೊಡಿಸಿ, ಅವಳಿಗೆ ಸಲ್ಲಬೇಕಾದ ಪಾಲು ಸಂದಿತೆಂದೇ ತಿಳಿದಿದ್ದೆ ಎಂದು. ನಾನೂ ಅವರ ಜೊತೆ ನಿಂತೆ. ಮೇಲಿನಿಂದ ಹೆಡ್‌ಮಾಸ್ಟರರು ನನ್ನನ್ನು ನೋಡಿದರು. ನೋಡಲಿ ಬಿಡಿ ಎನಿಸಿತು.

ಗಂಟೆ ಹೊಡೆಯಿತು. ಹುಡುಗಿಯರು ಗುಂಪುಗುಂಪಾಗಿ ಉತ್ತರ ತಾಳೆ ನೋಡುತ್ತ ಬಂದರು. ಅನುಜಾ ಗೇಟು ದಾಟುವವರೆಗೂ ಅಪ್ಪನನ್ನು ನೋಡಲಿಲ್ಲ. ನೋಡಬೇಕಾದದ್ದಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಗೆಳತಿಯೊಬ್ಬಳು ಮೊಣಕೈಯಿಂದ ತಿವಿದ ಮೇಲೆ ನಿಂತಳು. ನಾಚಿದಳು. ಅಣ್ಣನನ್ನು ಬಿಟ್ಟು ನನ್ನ ಶಾಲೆಗೆ ಯಾಕೆ ಬಂದಿರಿ ಎಂದು ಗದರಿಸಿದಳು, ತಾಯಿಯ ದನಿಯೇ. ವ್ಯಂಕಟೇಶ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರು. ಪೇಪರ್ ಹೇಗಿತ್ತು ಎಂದು ಕೇಳಿದರು. ಅವಳು ನೀರು ಕುಡಿದು, ಪ್ರಶ್ನೆಪತ್ರಿಕೆಯನ್ನು ಅವರ ಕೈಗಿಟ್ಟು, ಕೊನೆಯ ಲೆಕ್ಕ ಒಂದು ಬಿಟ್ಟು ಎಲ್ಲ ಬಿಡಿಸಿದೆ ಎಂದಳು. ಆ ಕೊನೆಯ ಲೆಕ್ಕ ಹಾಕಿದವನು ನಾನೇ. ಇಬ್ಬರೂ ಮನೆಯ ದಾರಿ ಹಿಡಿದರು. ನಾಲ್ಕು ಹೆಜ್ಜೆ ಹೋದ ಮೇಲೆ ಅವಳು ಹೇಳಿದ್ದು ನನಗೆ ಕೇಳಿಸಿತು.

"ಪಪ್ಪಾ, ನಾಳಿ ವಿಜ್ಞಾನ ಅದ."

ಅಪ್ಪನ ಹೆಜ್ಜೆ ನಿಧಾನವಾಯಿತು. ನಾಳೆ ಆ ಹೊತ್ತಿಗೆ ಅವರು ಮಸ್ಕತ್ತಿನಲ್ಲಿ ಇಳಿದಿರುತ್ತಾರೆ. ಅವಳಿಗೂ ಅದು ನೆನಪಾಗಿರಬೇಕು, ಪ್ರಶ್ನೆಪತ್ರಿಕೆ ಹಿಡಿದ ಅವರ ಕೈಯನ್ನು ಇನ್ನೊಂದು ಕಡೆಯಿಂದ ತಾನೂ ಹಿಡಿದಳು. ತಿರುಗಿ ನೋಡಿದರೆ ನರ್ಮದಾಬಾಯಿ ಉತ್ತರಪತ್ರಿಕೆಗಳ ಕಟ್ಟು ಎದೆಗವಚಿಕೊಂಡು ವರಾಂಡದಲ್ಲಿ ನಿಂತಿದ್ದರು. ಮಗಳು ಹೇಳಿದ ಮಾತು ಅಲ್ಲಿಗೆ ಕೇಳಿಸಿರಲಾರದು, ಆದರೆ ಕೈ ಹಿಡಿದದ್ದನ್ನು ಅವರು ನೋಡಿದ್ದರು.

ಮರುದಿನ ವಿಜ್ಞಾನದ ಪರೀಕ್ಷೆ. ಬಾಯಿಯವರಿಗೆ ಒಂದು ಕೋಣೆಯ ಮೇಲ್ವಿಚಾರಣೆ ಇತ್ತು. ಗಂಟೆಗೆ ಸ್ವಲ್ಪ ಮುಂಚೆ ನನ್ನ ಹತ್ತಿರ ಬಂದು, ಸರ್, ನನ್ನ ಕೋಣೆಯ ಪತ್ರಿಕೆ ಕೂಡಿಸಿಕೊಳ್ಳುತ್ತೀರಾ ಎಂದು ಕೇಳಿದರು. ಆಗಲಿ ಎಂದೆ. ಅವರು ತಮ್ಮದೇ ಶಾಲೆಯ ಗೇಟು ದಾಟಿ ಹೊರಗೆ ಹೋದರು. ಮಗಳು ಬರುವ ದಾರಿಗೆ ಎದುರಾಗಿ, ಬೇವಿನ ಮರದ ಕೆಳಗೆ, ಅದೇ ನೀರಿನ ಬಾಟಲಿ ಹಿಡಿದು ನಿಂತರು.